ಮಾತಿನ ‘ಆ’ ಬಾಯಲ್ಲಿ ಎಲ್ಲಿ ಹುಟ್ಟುತ್ತದೆ?

ಕೇಳುಗರಿಗೆ ನಮಸ್ಕಾರ.

‘ಮಾತು’ ಎನ್ನಿ. ಅದರೊಳಗಿನ ‘ಆ’ ಬಾಯಿಯ ಮುಂದೆ ಹುಟ್ಟಿತೇ, ಹಿಂದೆಯೇ? ಹೇಳುವುದು ಕಷ್ಟ. ನಾಲಿಗೆ ಅಂಗುಳನ್ನು ಎಲ್ಲೂ ಮುಟ್ಟುವುದಿಲ್ಲವಲ್ಲ! ‘ತ’ ಅಂದರೆ ನಾಲಿಗೆ ಹಲ್ಲಿಗೆ ತಾಗುತ್ತದೆ, ಜಾಗ ಗೊತ್ತಾಗುತ್ತದೆ. ಸ್ವರಕ್ಕೆ ಅಂಥ ಗುರುತಿಲ್ಲ.

ಈ ತೊಡಕಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಧ್ವನಿವಿಜ್ಞಾನ ಕಲಿಸುತ್ತಿದ್ದ ಡೇನಿಯಲ್ ಜೋನ್ಸ್ ನೂರು ವರ್ಷಗಳ ಹಿಂದೆ ಒಂದು ದಾರಿ ಕಂಡುಕೊಂಡರು: ಯಾವ ಭಾಷೆಗೂ ಸೇರದ 8 ಆಧಾರ ಸ್ವರಗಳು. ಕಾರ್ಡಿನಲ್ ಸ್ವರ ಎನ್ನುವುದು ಇವನ್ನೇ.

ಎರಡನ್ನು ನೀವೇ ಹುಡುಕಬಹುದು. ‘ಈ’ ಎನ್ನುತ್ತಾ ನಾಲಿಗೆಯನ್ನು ಮುಂದಕ್ಕೂ ಮೇಲಕ್ಕೂ ಒತ್ತುತ್ತಾ ಹೋಗಿ. ಒಂದು ಹಂತದಲ್ಲಿ ಗಾಳಿ ಉಜ್ಜುವ ಸದ್ದು ಬರುತ್ತದೆ. ಕೂದಲೆಳೆಯಷ್ಟು ಇಳಿಸಿದರೆ ಆ ಸದ್ದು ನಿಲ್ಲುತ್ತದೆ. ಅದೇ 1ನೆಯದು. ಇನ್ನು ನಾಲಿಗೆಯನ್ನು ಆದಷ್ಟು ಕೆಳಗೆ, ಆದಷ್ಟು ಹಿಂದಕ್ಕೆ ಎಳೆದು ‘ಆ’ ಎನ್ನಿ. ಗಂಟಲಲ್ಲಿ ಉಜ್ಜುವ ಸದ್ದು ಬರುವುದಕ್ಕೆ ತುಸು ಮೊದಲು ನಿಲ್ಲಿಸಿ. ಅದು 5ನೆಯದು. ನಡುವಿನ 2, 3, 4 ಬಾಯಿಯ ಮುಂಭಾಗದಲ್ಲೇ ಕೆಳಗಿಳಿಯುವ, ಕಿವಿಗೆ ಸಮ ಅಂತರದ ಮೆಟ್ಟಿಲುಗಳು. ಅದೇ ಅಂತರದಲ್ಲಿ 6, 7, 8 ಹಿಂಭಾಗದಲ್ಲಿ ಮೇಲೇರುತ್ತವೆ, ತುಟಿ ದುಂಡಗಾಗುತ್ತಾ ಹೋಗುತ್ತದೆ. ಈ ನಡುವಿನ ಮೆಟ್ಟಿಲುಗಳನ್ನು ಪುಸ್ತಕ ನೋಡಿ ಕಲಿಯಲಾಗದು. ಬಲ್ಲವರ ಬಾಯಿಂದ ಕೇಳಿ, ಹೇಳಿ, ತಿದ್ದಿಸಿಕೊಂಡು ಕಿವಿಯಲ್ಲಿ ಕೂರಿಸಬೇಕು.

ಈಗ ನಮ್ಮ ‘ಮಾತು’. ಪಳಗಿದವರು ಮೊದಲು ಅದನ್ನು ಹಲವು ಸಲ ಹೇಳಿಸಿ, ‘ಆ’ ಅಷ್ಟನ್ನೇ ಕಿವಿಯಲ್ಲಿ ಹಿಡಿಯುತ್ತಾರೆ. ಅದನ್ನು ತಾವೂ ಹಾಗೆಯೇ ಹೇಳಿ ನೋಡುತ್ತಾರೆ. ಆಮೇಲೆ 4ನೆಯದನ್ನೂ 5ನೆಯದನ್ನೂ ಉಚ್ಚರಿಸಿ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿಕೊಳ್ಳುತ್ತಾರೆ: ಎತ್ತರ ಎಷ್ಟು? ಮುಂದೋ ಹಿಂದೋ? ತುಟಿ ಹೇಗಿದೆ? ನಮ್ಮ ‘ಆ’ 4ಕ್ಕಿಂತ ಹಿಂದೆ, 5ಕ್ಕಿಂತ ಮುಂದೆ ಕೇಳಿಸುತ್ತದೆ. ತುಟಿ ದುಂಡಗಿಲ್ಲ. ಹಾಗಾಗಿ ನಾಲಿಗೆಯ ಎತ್ತರವನ್ನೂ ಮುಂದು-ಹಿಂದನ್ನೂ ತೋರಿಸುವ ಸ್ವರದ ನಕ್ಷೆಯಲ್ಲಿ, ಕೆಳಗಿನ ಗೆರೆಯ ಹತ್ತಿರ, ಎರಡರ ನಡುವೆ ಚುಕ್ಕಿ ಬೀಳುತ್ತದೆ.

ಕನ್ನಡಿಗರು ಎಡವುವುದೂ ಇಲ್ಲಿಯೇ. ಮನೆಮಾತಿನ ‘ಆ’ ಎಷ್ಟು ಪರಿಚಿತವೆಂದರೆ ಅದನ್ನೇ 5ನೆಯದೆಂದು ಹಿಡಿದುಬಿಡುತ್ತೇವೆ. ಅಳತೆಗೋಲೇ ಸರಿದ ಮೇಲೆ ಬೇರೆ ಭಾಷೆಯ ಹಿಂದಿನ ‘ಆ’ಗಳಿಗೆ ನಕ್ಷೆಯಲ್ಲಿ ಜಾಗವೇ ಉಳಿಯುವುದಿಲ್ಲ. ಹೀಗಾಗಿದೆಯೇ ಎಂದು ತಿಳಿಯಲು ನಿಮ್ಮ 5ರಿಂದ ನಾಲಿಗೆಯನ್ನು ಇನ್ನಷ್ಟು ಹಿಂದಕ್ಕೆ ಎಳೆದು ನೋಡಿ. ಉಜ್ಜುವ ಸದ್ದಿಲ್ಲದೆ ಸ್ವರ ಇನ್ನೂ ಬದಲಾಗುತ್ತಿದ್ದರೆ ಅದು 5 ಅಲ್ಲ.

ಒಂದು ಮಿತಿ ಹೇಳಲೇಬೇಕು. ಧ್ವನಿವಿಜ್ಞಾನಿ ಪೀಟರ್ ಲಾಡೆಫೋಗೆಡ್ 1960ರಲ್ಲಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಸ್ವರಗಳ ಧ್ವನಿಮುದ್ರಣ ಕೇಳಿಸಿ ತಜ್ಞರಿಂದ ಚುಕ್ಕಿ ಇಡಿಸಿದರು. ಆಧಾರ ಸ್ವರಗಳಲ್ಲಿ ಪಳಗಿದವರ ಚುಕ್ಕಿಗಳು ಬಹುಮಟ್ಟಿಗೆ ಹತ್ತಿರ ಹತ್ತಿರ ಬಿದ್ದವು. ಆದರೆ ತುಟಿ ದುಂಡಗಾಗದ ಹಿಂದಿನ ಸ್ವರ ಬಂದಾಗ ಅವರೂ ಚದುರಿದರು. ತುಟಿ ಹರಡಿದರೂ ನಾಲಿಗೆ ಮುಂದೆ ಬಂದರೂ ಕಿವಿಗೆ ಬಹಳ ಮಟ್ಟಿಗೆ ಒಂದೇ ಬಗೆಯ ಬದಲಾವಣೆ ಕೇಳಿಸುತ್ತದೆ. ಆದ್ದರಿಂದ ಊರೂರು ತಿರುಗಿ ಭಾಷೆ ದಾಖಲಿಸುವವರು ರೆಕಾರ್ಡರನ್ನಷ್ಟೇ ನಂಬದೆ, ಎದುರಿಗೆ ಕೂತು ಮಾತಾಡುವವರ ತುಟಿಯನ್ನೂ ನೋಡಿ ಬರೆದುಕೊಳ್ಳಬೇಕು.