ನೂರಕ್ಕೆ 41, ಆದರೆ ಯಾವ ನೂರಕ್ಕೆ?

ಎಲ್ಲರಿಗೂ ನಮಸ್ಕಾರ.

ಕೇಂದ್ರ ವಸೂಲಿ ಮಾಡುವ ತೆರಿಗೆಯಲ್ಲಿ ನೂರಕ್ಕೆ 41 ರೂಪಾಯಿ ರಾಜ್ಯಗಳಿಗೆ ಬರುತ್ತದೆ ಎಂದು ಎಲ್ಲರೂ ಓದಿರುತ್ತೀರಿ. 15ನೇ ಹಣಕಾಸು ಆಯೋಗ ಹೇಳಿದ ಲೆಕ್ಕ ಅದು. ಆದರೆ 2022-23ರಲ್ಲಿ ಕೇಂದ್ರ ವಸೂಲಿ ಮಾಡಿದ ಒಟ್ಟು ತೆರಿಗೆ ಸುಮಾರು 30.5 ಲಕ್ಷ ಕೋಟಿ, ರಾಜ್ಯಗಳಿಗೆ ಹಂಚಿದ್ದು ಸುಮಾರು 9.5 ಲಕ್ಷ ಕೋಟಿ. ಅಂದರೆ ನೂರಕ್ಕೆ 31. ಉಳಿದ ಹತ್ತು ಎಲ್ಲಿ ಹೋಯಿತು?

ಯಾರೂ ಕದ್ದಿಲ್ಲ. ಸಂವಿಧಾನದ 270ನೇ ವಿಧಿಯೇ ಸೆಸ್ ಮತ್ತು ಸರ್ಚಾರ್ಜ್ ಅನ್ನು ಹಂಚಿಕೆಯಿಂದ ಹೊರಗಿಟ್ಟಿದೆ. ಸೆಸ್ ಅಂದರೆ ಒಂದು ಗೊತ್ತಾದ ಉದ್ದೇಶಕ್ಕೆ ಅಂತ ಹಾಕುವ ತೆರಿಗೆ, ಸರ್ಚಾರ್ಜ್ ಅಂದರೆ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ. ಆದಾಯ ತೆರಿಗೆ, ಕಂಪನಿ ತೆರಿಗೆ, ಕೇಂದ್ರದ ಜಿಎಸ್‌ಟಿ, ಕಸ್ಟಮ್ಸ್, ಎಕ್ಸೈಸ್ ಎಲ್ಲ ಹಂಚುವ ಮೊತ್ತಕ್ಕೆ ಸೇರುತ್ತವೆ. ವಸೂಲಿ ಖರ್ಚು ಕಳೆದು ಉಳಿದದ್ದರಲ್ಲಿ 41. ಸೆಸ್, ಸರ್ಚಾರ್ಜ್ ಮಾತ್ರ ಪೂರ್ತಿ ಕೇಂದ್ರಕ್ಕೆ.

ಇದು ಹೇಗೆ ನಡೆಯುತ್ತದೆ ಎಂದು ಪೆಟ್ರೋಲ್‌ನಲ್ಲಿ ನೋಡೋಣ. 2021ರ ಫೆಬ್ರವರಿ ಬಜೆಟ್‌ಗೆ ಮೊದಲು ಲೀಟರಿಗೆ ಕೇಂದ್ರದ ತೆರಿಗೆ 32.98 ರೂಪಾಯಿ ಇತ್ತು. ಅದರಲ್ಲಿ ಹಂಚಿಕೆಗೆ ಬರುವ ಮೂಲ ಎಕ್ಸೈಸ್ 2.98 ಮಾತ್ರ. ಆ ಬಜೆಟ್‌ನಲ್ಲಿ ಎರಡೂವರೆ ರೂಪಾಯಿಯ ಹೊಸ ಕೃಷಿ ಮೂಲಸೌಕರ್ಯ ಸೆಸ್ ಬಂತು. ಬೆಲೆ ಏರಬಾರದು ಅಂತ ಮೂಲ ಎಕ್ಸೈಸ್ ಅನ್ನು 1.40ಕ್ಕೆ ಇಳಿಸಿದರು, ವಿಶೇಷ ಹೆಚ್ಚುವರಿ ಸುಂಕದಲ್ಲೂ ಒಂದು ರೂಪಾಯಿ ಕಡಿಮೆ ಮಾಡಿದರು. ಒಟ್ಟು 32.90. ಬಂಕ್‌ನಲ್ಲಿ ನಿಂತವನಿಗೆ ಏನೂ ಗೊತ್ತಾಗಲಿಲ್ಲ. ಆದರೆ ಎಲ್ಲ ರಾಜ್ಯಗಳಿಗೂ ಸೇರಿ ಲೀಟರಿಗೆ ಸಿಗುತ್ತಿದ್ದ ಸುಮಾರು 1.22 ರೂಪಾಯಿ 57 ಪೈಸೆಗೆ ಇಳಿಯಿತು. ಅದರಲ್ಲಿ ಕರ್ನಾಟಕದ ಪಾಲು ಎರಡು ಪೈಸೆ!

ಇದು ಮೊದಲ ಸೋರಿಕೆ. ಇದರಲ್ಲಿ ಬಿಹಾರಕ್ಕೂ ನಷ್ಟ, ಕೇರಳಕ್ಕೂ ನಷ್ಟ. ಎರಡನೆಯ ಜಗಳ ಬೇರೆ. ಆ 41ನ್ನು ರಾಜ್ಯಗಳು ತಮ್ಮ ತಮ್ಮಲ್ಲಿ ಹಂಚಿಕೊಳ್ಳುವುದು ಹೇಗೆ ಅನ್ನುವುದು. ಈ ಎರಡನ್ನೂ ಕಲಸಿ ಮಾತಾಡುವುದರಿಂದಲೇ ಚರ್ಚೆ ದಾರಿ ತಪ್ಪುತ್ತದೆ.

14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೇ ಆಯೋಗದಲ್ಲಿ, 2021ರಿಂದ 26ರವರೆಗಿನ ಅವಧಿಗೆ, ಶೇ 3.647ಕ್ಕೆ ಬಿತ್ತು. 1971ರ ಜನಸಂಖ್ಯೆ ಬಿಟ್ಟು 2011ರದ್ದು ಹಿಡಿದಿದ್ದರಿಂದ ಹೀಗಾಯಿತು ಅಂತ ಜಾಸ್ತಿ ಜನ ಹೇಳುತ್ತಾರೆ. ಅದೂ ಒಂದು ಕಾರಣ. ಆದರೆ ಜನಸಂಖ್ಯೆಗೆ ಇದ್ದ ತೂಕ ನೂರಕ್ಕೆ 15 ಅಷ್ಟೇ. 45ರಷ್ಟು ತೂಕ ಇದ್ದದ್ದು ‘ಆದಾಯದ ಅಂತರ’ ಅನ್ನುವ ಅಳತೆಗೆ. ದೊಡ್ಡ ಪೆಟ್ಟು ಅಲ್ಲಿಂದ ಬಂತು.

ಅದರ ಲೆಕ್ಕ ಹೀಗೆ. ತಲಾ ಆದಾಯದಲ್ಲಿ ಮೊದಲಿದ್ದ ಗೋವಾ, ಸಿಕ್ಕಿಂ ತೀರಾ ಚಿಕ್ಕವು, ಹಾಗಾಗಿ ಮೂರನೆಯ ಹರಿಯಾಣವನ್ನು ಮಾನದಂಡ ಮಾಡಿಕೊಂಡರು. ಪ್ರತಿ ರಾಜ್ಯ ಅದಕ್ಕಿಂತ ಎಷ್ಟು ಹಿಂದಿದೆ ನೋಡಿ, ಆ ಅಂತರವನ್ನು ಜನಸಂಖ್ಯೆಯಿಂದ ಗುಣಿಸಿದರು. ಸುಮ್ನೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಾನದಂಡ 2,40,000 ರೂಪಾಯಿ. ಒಂದು ರಾಜ್ಯದ ತಲಾ ಆದಾಯ 1,60,000, ಅಂತರ 80,000. ಅದೇ ರಾಜ್ಯದ ಆದಾಯ 2,00,000 ಆಯಿತು, ಮಾನದಂಡ ಅಲ್ಲೇ ಇದೆ ಅಂದುಕೊಳ್ಳಿ. ಈಗ ಅಂತರ 40,000. ಆದಾಯ ಏರಿದ್ದು ಕಾಲು ಭಾಗ, ಆ ಅಳತೆಯಲ್ಲಿ ಅಂಕ ಇಳಿದದ್ದು ಅರ್ಧ! 80,000 ಆದಾಯದ ಬಡ ರಾಜ್ಯ 1,00,000ಕ್ಕೆ ಏರಿದರೂ ಏರಿಕೆ ಅದೇ ಕಾಲು ಭಾಗ. ಆದರೆ ಅದರ ಅಂತರ 1,60,000ದಿಂದ 1,40,000ಕ್ಕೆ ಬರುತ್ತದೆ, ಎಂಟರಲ್ಲಿ ಒಂದು ಭಾಗ ಹೋಗುತ್ತದೆ ಅಷ್ಟೇ. ತುದಿಯ ಹತ್ತಿರ ಇರುವವರಿಗೇ ಈ ಸೂತ್ರ ಜೋರಾಗಿ ಹೊಡೆಯುತ್ತದೆ. ಕರ್ನಾಟಕ ನಿಂತಿದ್ದು ಅಲ್ಲಿ.

ಇನ್ನೊಂದು ತೊಡಕಿದೆ. ಆಯೋಗ ಹಿಡಿಯುವುದು ರಾಜ್ಯದ ಒಟ್ಟು ಉತ್ಪನ್ನದ ತಲಾ ಸರಾಸರಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಲಾಭ ಕಲಬುರಗಿಯ ತೊಗರಿ ಬೆಳೆಗಾರನ ತಲೆ ಮೇಲೂ ಹಂಚಿಹೋಗುತ್ತದೆ. ಕಾಗದದಲ್ಲಿ ಅವನೂ ಸಿರಿವಂತ.

2020-21ರ ವರದಿಯಲ್ಲಿ ಆಯೋಗಕ್ಕೇ ಈ ಇಳಿಕೆ ಕಣ್ಣಿಗೆ ಬಿತ್ತು. ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಎಂದಿತು. ಕೇಂದ್ರ ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು, ‘ನನ್ನ ತೆರಿಗೆ ನನ್ನ ಹಕ್ಕು’ ಅಂತ. ನನ್ನ ಅಭಿಪ್ರಾಯ ಕೇಳಿದರೆ, ಆ ಘೋಷಣೆ ನಮ್ಮ ವಾದವನ್ನು ದುರ್ಬಲ ಮಾಡುತ್ತದೆ. ಬೆಂಗಳೂರಿನಲ್ಲಿ ಕಚೇರಿ ಇರುವ ಕಂಪನಿ ಇಲ್ಲಿ ತೆರಿಗೆ ಕಟ್ಟುತ್ತದೆ, ಆದರೆ ಅದು ಮಾರುವುದು ದೇಶಕ್ಕೆಲ್ಲ. ಹಾಗಾಗಿ ವಸೂಲಿಯಾದ ಜಾಗ ನೋಡಿ ಪಾಲು ಕೇಳಿದರೆ ಬಿಹಾರದವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಸೆಸ್ ವಿಷಯ ಹಾಗಲ್ಲ. ಅಲ್ಲಿ ಅವರೂ ನಮ್ಮ ಪಕ್ಕದಲ್ಲೇ ನಿಲ್ಲಬಹುದು, ಅಲ್ವಾ? ಸೆಸ್, ಸರ್ಚಾರ್ಜ್ ಒಟ್ಟು ತೆರಿಗೆಯ ಇಂತಿಷ್ಟು ಭಾಗ ದಾಟಿದರೆ ದಾಟಿದ್ದನ್ನು ಹಂಚುವ ಮೊತ್ತಕ್ಕೆ ಸೇರಿಸಬೇಕು ಅಂತ ಕೇಳಬಹುದು. ಅದಕ್ಕೆ ಆಯೋಗದ ಶಿಫಾರಸು ಸಾಲದು, 270ನೇ ವಿಧಿಗೇ ತಿದ್ದುಪಡಿ ಆಗಬೇಕು.