ಜನವರಿಯಲ್ಲಿ ಫೋನ್ ಮಾಡಿ ಅಂದವರು

ಕೇಳುಗರೇ, ನಮಸ್ಕಾರ.

ನಿಮ್ಮ ಮೊಬೈಲಿನಲ್ಲಿ ಎಷ್ಟು ಜನ ಬಸವರಾಜಪ್ಪ ಇದ್ದಾರೆ? ದಾವಣಗೆರೆಯಲ್ಲಿ ಅಂಗಡಿ ಇಟ್ಟವರಿಗೆ ನಾಲ್ಕೈದು ಜನರಾದರೂ ಇರ್ತಾರೆ. ನಂಬರ್ ಇರುತ್ತೆ, ಆದರೆ ಯಾರ ಹತ್ತಿರ ಏನು ಮಾತಾಡಿದ್ದೆವು ಅನ್ನೋದು ನೆನಪಿರಲ್ಲ. ಇದಕ್ಕೆ ಮೊಬೈಲಿನಲ್ಲೇ ತೆರೆಯುವ ಒಂದು ಸ್ಪ್ರೆಡ್‌ಶೀಟ್ ಸಾಕು.

ಬೋರ್‌ವೆಲ್ ಮೋಟಾರ್ ಮಾರುವ ಒಂದು ಅಂಗಡಿ ಅಂದುಕೊಳ್ಳಿ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಆಗಸ್ಟ್ 12ಕ್ಕೆ ಬಂದು ರೇಟು ಕೇಳಿದರು. "ಕೊಯ್ಲು ಮುಗೀಲಿ, ದುಡ್ಡು ಕೈಗೆ ಬಂದ ಮೇಲೆ ಬೋರ್ ಕೊರೆಸ್ತೀನಿ, ಜನವರಿಯಲ್ಲಿ ಒಂದು ಫೋನ್ ಮಾಡಿ" ಅಂದು ಹೋದರು. ಇದನ್ನು ಒಂದೇ ಸಾಲಿನಲ್ಲಿ ಬರೆಯಿರಿ: ಹೆಸರು, ಊರು, ಮೊಬೈಲ್ ನಂಬರ್, ಮಾತಾಡಿದ ದಿನ, ಅವರು ಹೇಳಿದ್ದು, ಮುಂದೆ ಫೋನ್ ಮಾಡುವ ದಿನ. ಆರು ಕಾಲಂ, ಅಷ್ಟೇ. ಜಾಸ್ತಿ ಮಾಡಿದರೆ ಗಿರಾಕಿ ಎದುರಿಗಿದ್ದಾಗ ಯಾರೂ ತುಂಬಲ್ಲ.

ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಸುಮ್ನೆ "ಆಸಕ್ತಿ ಇದೆ" ಅಂತ ಬರೆದರೆ ಐದು ತಿಂಗಳ ಮೇಲೆ ಅದರಿಂದ ಏನೂ ತಿಳಿಯಲ್ಲ. "ಕೊಯ್ಲು ಮುಗೀಲಿ ಅಂದರು" ಅಂತಿದ್ದರೆ, ಫೋನ್ ಎತ್ತಿದ ಕೂಡಲೇ ಕೊಯ್ಲಿನ ಮಾತಿನಿಂದಲೇ ಶುರು ಮಾಡಬಹುದು. ಮನೆಯ ಜಗಳ, ಕಾಯಿಲೆ ಇಂಥವನ್ನು ಬರೆಯಬೇಡಿ. ಅವರೇ ಓದಿದರೂ ಬೇಜಾರಾಗದಷ್ಟು ಮಾತ್ರ ಇರಲಿ.

ಎಡವಟ್ಟಾಗೋದು ತಾರೀಖಿನಲ್ಲಿ. ಜನವರಿ 10 ಅಂತ ನೀವು 10/01 ಬರೆದಿರಿ. ಶೀಟು ಅಮೆರಿಕದ ಕ್ರಮದಲ್ಲಿದ್ದರೆ ಅದಕ್ಕೆ ತಿಂಗಳೇ ಮೊದಲು, ಹಾಗಾಗಿ ಅಕ್ಟೋಬರ್ 1 ಅಂತ ತಿಳಿಯುತ್ತೆ. ಕೊಯ್ಲಿನ ಗಡಿಬಿಡಿಯಲ್ಲಿ ನಿಮ್ಮ ಫೋನ್ ಹೋಗುತ್ತೆ! ಪರೀಕ್ಷೆ ಸುಲಭ. 25/08/2025 ಅಂತ ಬರೆದು ನೋಡಿ. ತಾನಾಗಿ ಬಲಕ್ಕೆ ಸರಿದರೆ ಅದನ್ನು ತಾರೀಖು ಅಂತ ಒಪ್ಪಿಕೊಂಡಿದೆ. ಎಡಕ್ಕೇ ಅಂಟಿಕೊಂಡರೆ ಬರೀ ಅಕ್ಷರ ಅಂದುಕೊಂಡಿದೆ, ಇಪ್ಪತ್ತೈದನೇ ತಿಂಗಳು ಅಂತ ಇಲ್ಲವಲ್ಲ. ಗೂಗಲ್ ಶೀಟ್ಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನೋದನ್ನು ಇಂಡಿಯಾಗೆ ಬದಲಿಸಿ. ತಾರೀಖಿನ ಜೊತೆ ವರ್ಷವನ್ನೂ ಬರೆಯಿರಿ, ಇಲ್ಲದಿದ್ದರೆ ಮುಗಿದುಹೋದ ಈ ವರ್ಷದ ಜನವರಿ ಅಂದುಕೊಳ್ಳುತ್ತೆ. ಮೊದಲೇ ತಪ್ಪಾಗಿ ಕೂತ ತಾರೀಖುಗಳನ್ನು ಮಾತ್ರ ಕೈಯಾರೆ ತಿದ್ದಬೇಕು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಮೇಲೆ, ಮುಂದೆ ಫೋನ್ ಮಾಡುವ ದಿನದ ಪ್ರಕಾರ, ಹಳೆಯ ದಿನ ಮೊದಲು ಬರುವ ಹಾಗೆ ಶೀಟನ್ನು ಸಾರ್ಟ್ ಮಾಡಿ. ಇವತ್ತಿನವರೂ ದಿನ ಮೀರಿದವರೂ ಮೇಲೆ ಬರ್ತಾರೆ. ಅದೊಂದೇ ಕಾಲಂ ಹಿಡಿದು ಸಾರ್ಟ್ ಮಾಡಬೇಡಿ, ಪೂರ್ತಿ ಶೀಟು ಸೇರಿಸಿಕೊಳ್ಳಿ. ಇಲ್ಲದಿದ್ದರೆ ತಾರೀಖು ಮಾತ್ರ ಕದಲಿ, ಹೆಸರುಗಳು ಇದ್ದಲ್ಲೇ ಉಳಿಯುತ್ತವೆ. ಚನ್ನಗಿರಿಯವರ ದಿನಕ್ಕೆ ಹರಿಹರದವರಿಗೆ ಫೋನ್ ಹೋಗುತ್ತೆ.

ಫೋನ್ ಮುಗಿದ ಕೂಡಲೇ ಮುಂದಿನ ದಿನ ಹಾಕಿ. ಹೊಸ ಮಾತನ್ನು ಹಳೆಯದರ ಮೇಲೆ ಬರೆಯಬೇಡಿ, ಅದೇ ಖಾನೆಯಲ್ಲಿ ತಾರೀಖು ಹಾಕಿ ಮುಂದಕ್ಕೆ ಸೇರಿಸಿ. "ಬೋರ್ ಬೇಡ, ಮಗಳ ಮದುವೆ ಗೊತ್ತಾಯ್ತು" ಅಂದರೆ ಅದನ್ನೂ ಬರೆಯಿರಿ. ಆಗ ಮೋಟಾರ್ ಮಾತು ಬಿಡಿ, ಮದುವೆ ದಿನ ಕೇಳಿ ಆ ಖಾನೆಗೆ ಹಾಕಿಕೊಳ್ಳಿ. ನಮಸ್ಕಾರ.