75 ರೂಪಾಯಿಗೆ ಸಿಕ್ಕ ಲೆಕ್ಕ 76ಕ್ಕೆ ಸಿಗಲಿಲ್ಲ

ನಮಸ್ಕಾರ. ಇವತ್ತು ಎರಡು ಡಿವಿಡೆಂಡ್‌ಗಳ ಕಥೆಯಿಂದ ಶುರು ಮಾಡ್ತೀನಿ. ಎರಡೂ ಟಿಸಿಎಸ್ ಕಂಪನಿಯದ್ದೇ.

2023ರ ಜನವರಿ 9ರಂದು ಟಿಸಿಎಸ್ ಒಂದು ಷೇರಿಗೆ 75 ರೂಪಾಯಿ ಡಿವಿಡೆಂಡ್ ಘೋಷಿಸಿತು. ಅದರಲ್ಲಿ 8 ರೂಪಾಯಿ ಮಾಮೂಲಿ, 67 ವಿಶೇಷ. ಎರಡು ವರ್ಷ ಬಿಟ್ಟು, 2025ರ ಜನವರಿ 9ರಂದು 76 ರೂಪಾಯಿ ಘೋಷಿಸಿತು. 10 ಮಾಮೂಲಿ, 66 ವಿಶೇಷ. ಎರಡನೇ ಸಲ ಒಂದು ರೂಪಾಯಿ ಜಾಸ್ತಿಯೇ ಬಂತು. ಆದರೂ ಆಪ್ಷನ್ ಹಿಡಿದವರ ಸ್ಟ್ರೈಕ್ ಪ್ರೈಸ್, ಅಂದರೆ ಷೇರನ್ನು ಕೊಳ್ಳಲು ಅಥವಾ ಮಾರಲು ಮೊದಲೇ ಗೊತ್ತುಮಾಡಿಕೊಂಡ ಬೆಲೆ, ಇಳಿಯಬೇಕಾದದ್ದು ಮೊದಲನೇ ಸಲ ಮಾತ್ರ. ಎರಡನೇ ಸಲ ಅದೇ ನಿಯಮ ಸ್ಟ್ರೈಕನ್ನು ಮುಟ್ಟಲು ಬಿಡಲಿಲ್ಲ.

ಇದು ನನಗೆ ಸರಿ ಕಾಣೋದಿಲ್ಲ. ಯಾಕೆ ಅಂತ ಹೇಳ್ತೀನಿ. ಅದಕ್ಕೂ ಮೊದಲು, ಜನ ಸುಮ್ನೆ ಗಾಬರಿಯಾಗುವ ಒಂದು ವಿಷಯ ಮುಗಿಸಿಬಿಡೋಣ.

ಅದೇ ಸ್ಪ್ಲಿಟ್, ಬೋನಸ್. ನಮ್ಮ ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ಷೇರು ಎರಡಾಯಿತು, ಬೆಲೆ ಅರ್ಧವಾಯಿತು. ಆಗ ಎಕ್ಸ್‌ಚೇಂಜ್ ಏನು ಮಾಡುತ್ತದೆ? ಸ್ಟ್ರೈಕನ್ನು ಎರಡರಿಂದ ಭಾಗಿಸುತ್ತದೆ, ಲಾಟನ್ನು, ಅಂದರೆ ಒಂದು ಕಾಂಟ್ರ್ಯಾಕ್ಟ್‌ನಲ್ಲಿರುವ ಷೇರುಗಳ ಸಂಖ್ಯೆಯನ್ನು, ಎರಡರಿಂದ ಗುಣಿಸುತ್ತದೆ. 1,440ರ ಕಾಲ್, ಅಂದರೆ ಆ ಬೆಲೆಗೆ ಷೇರು ಕೊಳ್ಳುವ ಹಕ್ಕು, 720ರ ಕಾಲ್ ಆಗುತ್ತದೆ. 600 ಷೇರಿನ ಲಾಟ್ 1,200 ಆಗುತ್ತದೆ. ನೀವು ಆ ಹಕ್ಕಿಗೆ ಷೇರಿಗೆ 30 ರೂಪಾಯಿ ಪ್ರೀಮಿಯಂ ಕೊಟ್ಟಿದ್ದರೆ ಅದು 15 ರೂಪಾಯಿಗೆ ಸಮ. 600 ಗುಣಿಸು 30 ಅಂದರೂ 18,000, 1,200 ಗುಣಿಸು 15 ಅಂದರೂ 18,000. ಒಂದು ರೂಪಾಯಿ ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಒಂದಕ್ಕೆ ಐದು ಸ್ಪ್ಲಿಟ್ ಆದರೆ ಎರಡರ ಜಾಗದಲ್ಲಿ ಐದು ಹಾಕಿಕೊಳ್ಳಿ, ಅಷ್ಟೇ.

ನನ್ನ ಗೆಳೆಯನೊಬ್ಬ ಇಂಥದ್ದೇ ಒಂದು ದಿನ ಬೆಳಗ್ಗೆ ಒಂಬತ್ತೂಕಾಲಿಗೆ ಫೋನ್ ಮಾಡಿ, "ಲೋ, ನನ್ನ ದುಡ್ಡು ಅರ್ಧ ಹೋಯ್ತು ಕಣೋ" ಅಂದ. ಆ್ಯಪ್‌ನಲ್ಲಿ ಹೊಸ ಬೆಲೆ ಬಂದಿತ್ತು, ಅವನ ಹಳೇ ಖರೀದಿ ಬೆಲೆ ಹಾಗೇ ಕೂತಿತ್ತು. ಅದು ಬರೀ ತೋರಿಸುವ ಎಡವಟ್ಟು. ಲಾಟ್ ಎಷ್ಟಾಗಿದೆ ನೋಡು ಅಂದೆ. ನೋಡಿದ. ಸಮಾಧಾನವಾಯಿತು.

ಈಗ ಡಿವಿಡೆಂಡ್‌ಗೆ ಬರೋಣ. ಇಲ್ಲಿ ಗುಣಾಕಾರ, ಭಾಗಾಕಾರ ಇಲ್ಲ. ಬರೀ ಕಳೆಯುವ ಲೆಕ್ಕ. ಕಂಪನಿಯ ಖಜಾನೆಯಿಂದ 75 ರೂಪಾಯಿ ಹೊರಗೆ ಹೋದರೆ ಷೇರು ಸರಿಸುಮಾರು ಅಷ್ಟೇ ಇಳಿಯುತ್ತದೆ. ಷೇರು ಇಟ್ಟುಕೊಂಡವನಿಗೆ ಆ ದುಡ್ಡು ಬ್ಯಾಂಕಿಗೆ ಬರುತ್ತದೆ. ಕಾಲ್ ಇಟ್ಟುಕೊಂಡವನಿಗೆ ಡಿವಿಡೆಂಡ್ ಇಲ್ಲ, ಇಳಿಕೆ ಮಾತ್ರ ಇದೆ. ಆದ್ದರಿಂದ ಡಿವಿಡೆಂಡ್ ದೊಡ್ಡದಾಗಿದ್ದರೆ ಎಲ್ಲ ಸ್ಟ್ರೈಕ್‌ಗಳಿಂದಲೂ ಅಷ್ಟು ಮೊತ್ತ ಕಳೆಯುತ್ತಾರೆ. 3,300ರ ಸ್ಟ್ರೈಕ್ 3,225 ಆಗುತ್ತದೆ. ಲಾಟ್ ಬದಲಾಗುವುದಿಲ್ಲ.

ದೊಡ್ಡದು ಅಂದರೆ ಎಷ್ಟು? ಷೇರಿನ ಬೆಲೆಯ ಶೇಕಡಾ 2 ಅಥವಾ ಅದಕ್ಕಿಂತ ಮೇಲೆ. ಮೊದಲು ಈ ಗೆರೆ ಶೇಕಡಾ 10 ಇತ್ತು. ಸೆಬಿ 2018ರಲ್ಲಿ ಅದನ್ನು 5ಕ್ಕೆ ತಂದಿತು, 2022ರಲ್ಲಿ 2ಕ್ಕೆ ಇಳಿಸಿತು. ಯಾವ ಬೆಲೆಯ ಮೇಲೆ ಲೆಕ್ಕ ಅನ್ನುವುದನ್ನು ಗಮನಿಸಿ. ಎಕ್ಸ್ ಡೇಟ್‌ನ, ಅಂದರೆ ಷೇರು ಡಿವಿಡೆಂಡ್ ಇಲ್ಲದೆ ವ್ಯಾಪಾರವಾಗುವ ಮೊದಲ ದಿನದ ಬೆಲೆ ಅಲ್ಲ, ಘೋಷಣೆಯ ಹಿಂದಿನ ದಿನದ ಮುಕ್ತಾಯದ ಬೆಲೆ. ಮಾರುಕಟ್ಟೆ ಮುಚ್ಚಿದ ಮೇಲೆ ಘೋಷಣೆ ಬಂದರೆ ಅದೇ ದಿನದ ಬೆಲೆ.

2023ರಲ್ಲಿ ಟಿಸಿಎಸ್ ಸುಮಾರು 3,320ರಲ್ಲಿ ಮುಗಿದಿತ್ತು. ಅದರ ಶೇಕಡಾ 2 ಅಂದರೆ 66 ರೂಪಾಯಿ ಚಿಲ್ಲರೆ. 75 ಆರಾಮಾಗಿ ದಾಟಿತು. 2025ರಲ್ಲಿ ಷೇರು 4,036ರ ಆಸುಪಾಸಿನಲ್ಲಿತ್ತು. ಗೆರೆ 80 ರೂಪಾಯಿ ಚಿಲ್ಲರೆಗೆ ಏರಿತು. 76 ದಾಟಲಿಲ್ಲ. ಶೇಕಡಾ 1.88ಕ್ಕೆ ನಿಂತಿತು.

ಅಂದರೆ ಇನ್ನು ಐದು ರೂಪಾಯಿ ಜಾಸ್ತಿ ಕೊಟ್ಟಿದ್ದರೆ ಪೂರ್ತಿ 81 ರೂಪಾಯಿ ಸ್ಟ್ರೈಕಿನಿಂದ ಕಳೆಯುತ್ತಿದ್ದರು. ಐದು ಕಮ್ಮಿಯಾದ್ದಕ್ಕೆ ಸೊನ್ನೆ. ಇದು ಮೆಟ್ಟಿಲಲ್ಲ, ಪ್ರಪಾತ. ಅದರ ಈ ಕಡೆ ಇದ್ದ ಕಾಲ್ ಖರೀದಿದಾರನಿಗೆ ನಷ್ಟ, ಕಾಲ್ ಮಾರಿದವನಿಗೂ ಮಾರುವ ಹಕ್ಕಾದ ಪುಟ್ ಕೊಂಡವನಿಗೂ ಲಾಭ. ಯಾರೂ ಅದಕ್ಕಾಗಿ ಬುದ್ಧಿ ಓಡಿಸಿರಲಿಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಪೆಟ್ಟು ಬೀಳುವುದು ಎಕ್ಸ್ ಡೇಟ್ ದಿನ ಅಲ್ಲ. ಹೊಂದಾಣಿಕೆ ಇಲ್ಲ ಅಂತ ಗೊತ್ತಾದ ಕೂಡಲೇ ಮಾರುಕಟ್ಟೆ ಆ ಇಳಿಕೆಯನ್ನು ಪ್ರೀಮಿಯಂನಲ್ಲಿ ಸೇರಿಸಿಬಿಡುತ್ತದೆ. ನೋಡಿದರೆ ತಿಳಿಯುತ್ತದೆ: ಫ್ಯೂಚರ್ಸ್ ಬೆಲೆ ಕ್ಯಾಶ್ ಬೆಲೆಗಿಂತ ಕೆಳಗೆ ಕೂತಿರುತ್ತದೆ. ಕಾಲ್ ಅಗ್ಗವಾಗಿ ಕಾಣುತ್ತದೆ, ಪುಟ್ ದುಬಾರಿ ಅನಿಸುತ್ತದೆ. "ಅಯ್ಯೋ, ಕಾಲ್ ಇಷ್ಟು ಕಮ್ಮಿಗೆ ಸಿಗ್ತಿದೆ" ಅಂತ ಕೊಳ್ಳುವವರು ಅಲ್ಲೇ ಎಡವುತ್ತಾರೆ. ಅದು ಅಗ್ಗ ಅಲ್ಲ, ಡಿವಿಡೆಂಡ್ ಕಳೆದ ಬೆಲೆ. ನಿಜವಾಗಿ ಕಳೆದುಕೊಳ್ಳುವವರು ಘೋಷಣೆಗೂ ಮೊದಲೇ ಕೊಂಡು ಕೂತವರು.

ಅಮೆರಿಕದಲ್ಲಿ ಅವರಿಗೊಂದು ದಾರಿ ಇದೆ. ಅಲ್ಲಿ ಷೇರಿನ ಆಪ್ಷನ್‌ಗಳನ್ನು ಅವಧಿ ಮುಗಿಯುವ ಮುಂಚೆಯೇ ಚಲಾಯಿಸಿ, ಷೇರು ತೆಗೆದುಕೊಂಡು, ಡಿವಿಡೆಂಡ್ ಪಡೆಯಬಹುದು. ನಮ್ಮಲ್ಲಿ 2011ರಿಂದ ಷೇರಿನ ಆಪ್ಷನ್‌ಗಳು ಯುರೋಪಿಯನ್ ಮಾದರಿಯವು. ಕೊನೇ ದಿನದ ತನಕ ಚಲಾಯಿಸುವಂತಿಲ್ಲ. ಬಾಗಿಲು ಮುಚ್ಚಿದ ಮೇಲೆ ನಿಯಮವಾದರೂ ಕೈಹಿಡಿಯಬೇಕು, ಅಲ್ವಾ?

ಅಲ್ಲಿನ ಕ್ಲಿಯರಿಂಗ್ ಸಂಸ್ಥೆ ಒಸಿಸಿ ಮೊದಲು ಕೇಳುವ ಪ್ರಶ್ನೆಯೇ ಬೇರೆ. ಈ ಡಿವಿಡೆಂಡ್ ಕಂಪನಿ ಮಾಮೂಲಾಗಿ ಕೊಡುವಂಥದ್ದಾ, ಅಲ್ವಾ? ಮಾಮೂಲಿ ಅಲ್ಲದಿದ್ದರೆ, ಒಂದು ಕಾಂಟ್ರ್ಯಾಕ್ಟ್‌ಗೆ 12.50 ಡಾಲರ್, ಅಂದರೆ ಷೇರಿಗೆ ಹನ್ನೆರಡೂವರೆ ಸೆಂಟ್ ಅಥವಾ ಅದಕ್ಕಿಂತ ಮೇಲಿದ್ದರೆ ಹೊಂದಾಣಿಕೆ. ನನಗೆ ಇದೇ ಸರಿ ಅನಿಸುತ್ತದೆ. ಕಂಪನಿಯೇ "ವಿಶೇಷ" ಅಂತ ಹೆಸರಿಟ್ಟ 66 ರೂಪಾಯಿಯನ್ನು ನಿಯಮ "ಮಾಮೂಲಿ" ಅಂತ ಓದುವುದು ವಿಚಿತ್ರ. ಸಣ್ಣಪುಟ್ಟದಕ್ಕೆಲ್ಲ ಸ್ಟ್ರೈಕ್ ಬದಲಿಸಿದರೆ ಅಡ್ಡಾದಿಡ್ಡಿ ಸಂಖ್ಯೆಗಳಾಗಿ ವ್ಯಾಪಾರ ಕಮ್ಮಿಯಾಗುತ್ತದೆ ಅನ್ನುವ ವಾದ ಇದೆ. ಒಪ್ಪುತ್ತೇನೆ. ಆದರೆ 66 ರೂಪಾಯಿ ಸಣ್ಣದಲ್ಲ.

ಇನ್ನು ವಿಲೀನ. ಇಲ್ಲಿ ಹೊಂದಾಣಿಕೆಯೇ ಇಲ್ಲ, ನಮ್ಮಲ್ಲಿ ಕಾಂಟ್ರ್ಯಾಕ್ಟನ್ನೇ ಮುಗಿಸಿಬಿಡುತ್ತಾರೆ. 2023ರಲ್ಲಿ ಎಚ್‌ಡಿಎಫ್‌ಸಿ ಲಿಮಿಟೆಡ್, ಎಚ್‌ಡಿಎಫ್‌ಸಿ ಬ್ಯಾಂಕ್ ಜೊತೆ ಸೇರಿತು. 25 ಷೇರಿಗೆ ಬ್ಯಾಂಕಿನ 42 ಷೇರು. ರೆಕಾರ್ಡ್ ಡೇಟ್, ಅಂದರೆ ಯಾರಿಗೆಲ್ಲ ಹೊಸ ಷೇರು ಅಂತ ಗೊತ್ತುಮಾಡುವ ದಿನ, ಜುಲೈ 13. ಹಾಗಾಗಿ ಜುಲೈ 27ಕ್ಕೆ ಮುಗಿಯಬೇಕಿದ್ದ ಆಪ್ಷನ್‌ಗಳು ಜುಲೈ 12ಕ್ಕೇ ಮುಗಿದವು.

ಇದಕ್ಕೆ ಕಾರಣ ಇದೆ. ಭಾಗಾಕಾರ ಮಾಡಿ ನೋಡಿ. 42 ಭಾಗಿಸು 25 ಅಂದರೆ 1.68. 300 ಷೇರಿನ ಲಾಟ್ ಅಂದುಕೊಳ್ಳಿ, ಅದು 504 ಆಗುತ್ತದೆ. 2,800ರ ಸ್ಟ್ರೈಕ್ 1,666 ರೂಪಾಯಿ 67 ಪೈಸೆ ಆಗುತ್ತದೆ. ಬ್ಯಾಂಕಿನ ಲಾಟ್ ಜೊತೆ ಇದು ಹೊಂದುವುದಿಲ್ಲ. ಇದನ್ನು ಯಾರು ಕೊಳ್ಳುತ್ತಾರೆ, ಹೇಳಿ. ಅಮೆರಿಕದಲ್ಲಿ ಇಂಥ ವಿಚಿತ್ರ ಕಾಂಟ್ರ್ಯಾಕ್ಟ್‌ಗಳನ್ನೂ ಕೊನೇ ದಿನದವರೆಗೆ ಓಡಿಸುತ್ತಾರೆ. ಓಡುತ್ತವೆ, ಆದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಅಷ್ಟಗಲ ಕಂದಕ. ಈ ವಿಷಯದಲ್ಲಿ ನಮ್ಮ ಪದ್ಧತಿಯೇ ವಾಸಿ ಅನ್ನುತ್ತೇನೆ. ಹದಿನೈದು ದಿನದ ಟೈಮ್ ವ್ಯಾಲ್ಯೂ, ಅಂದರೆ ಉಳಿದ ದಿನಗಳಿಗಾಗಿ ಕೊಟ್ಟ ಪ್ರೀಮಿಯಂ, ಹೋಗುತ್ತದೆ, ನಿಜ. ಆದರೆ ರೆಕಾರ್ಡ್ ಡೇಟ್ ಮೊದಲೇ ಪ್ರಕಟವಾಗಿರುತ್ತದೆ, ಓದುವವರು ಹೊರಬರಬಹುದು. ಡಿವಿಡೆಂಡ್ ಘೋಷಣೆ ಎಷ್ಟೋ ಸಲ ಬರುವುದು ಸಂಜೆ, ಮಾರುಕಟ್ಟೆ ಮುಚ್ಚಿದ ಮೇಲೆ. ಮರುದಿನ ಬೆಳಗ್ಗೆ ನೀವು ಕಣ್ಣುಬಿಡುವಷ್ಟರಲ್ಲಿ ಬೆಲೆ ಬದಲಾಗಿರುತ್ತದೆ.